ಪಿಎಚ್ ಮೀಟರ್, ಸ್ಪೆಕ್ಟ್ರೋಫೋಟೋಮೀಟರ್ ಕೈಪಿಡಿಯನ್ನು ಕನ್ನಡಕ್ಕೆ ತರುವುದು ಹೇಗೆ?

ಅನುವಾದಕ್ಕೆ ಕೂರುವ ಮೊದಲು ಉಪಕರಣವನ್ನೇ ಎದುರಿಗಿಟ್ಟುಕೊಂಡು, ಮೂಲ ಕೈಪಿಡಿಯ ಪ್ರತಿ ಹಂತವನ್ನೂ ಒಮ್ಮೆ ಕೈಯಾರೆ ಮಾಡಿ ನೋಡಬೇಕು. ಬೇರೊಂದು ಮಾದರಿಯ ಕನ್ನಡ ಕೈಪಿಡಿ ಸಿಕ್ಕಿತೆಂದು ಅದನ್ನೇ ನಕಲಿಸಿ ಅಂಟಿಸುವುದು ಬೇಡ. ತಿರುಗಿಸುವ ಗುಂಡಿಗಳಿರುವ ಹಳೆಯ ಪಿಎಚ್ ಮೀಟರಿನ ಸೂಚನೆಯನ್ನು, ಬಫರನ್ನು ತಾನೇ ಗುರುತಿಸುವ ಹೊಸ ಮೀಟರಿನ ಪಕ್ಕದಲ್ಲಿ ಅಂಟಿಸಿದರೆ ವಿದ್ಯಾರ್ಥಿಯು ಅಲ್ಲಿ ಇಲ್ಲದ ಗುಂಡಿಯನ್ನು ಹುಡುಕುತ್ತಾ ನಿಲ್ಲುತ್ತಾನೆ. ಗುಂಡಿಯ ಮೇಲೂ ಪರದೆಯ ಮೇಲೂ ಇರುವ CAL, SLOPE ಮುಂತಾದವುಗಳನ್ನು ಹಾಗೆಯೇ ಬರೆಯಿರಿ. ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಅದೇ ಅಕ್ಷರಗಳು.

ಇನ್ನು ಕಷ್ಟದ ಭಾಗ. "ಎಲೆಕ್ಟ್ರೋಡನ್ನು ತೊಳೆದು, ಒರೆಸಿ, 7 ಮತ್ತು 4ರ ಬಫರಿನಲ್ಲಿಟ್ಟು CAL ಮತ್ತು SLOPE ಹೊಂದಿಸಿ" ಎಂಬಂಥ ವಾಕ್ಯವನ್ನು ಅನೇಕ ಪ್ರಯೋಗಾಲಯಗಳ ಗೋಡೆಯ ಮೇಲೆ ಕಂಡಿದ್ದೇನೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಯಾವ ಬಫರಿಗೆ ಯಾವ ಗುಂಡಿ, ಎಲ್ಲಿ ಕಾಯಬೇಕು ಎಂಬುದು ಅದರಲ್ಲಿಲ್ಲ. ಗಾಜಿನ ಎಲೆಕ್ಟ್ರೋಡಿನ ವಿಭವ ಪಿಎಚ್ 7ರ ಸುಮಾರಿನಲ್ಲಿ ಸೊನ್ನೆಯಾಗುವುದರಿಂದ ಅಲ್ಲಿ SLOPE ತಿರುಗಿಸಿದರೂ ಅಂಕೆ ಹೆಚ್ಚು ಕದಲುವುದಿಲ್ಲ. ಆದ್ದರಿಂದ ಮೊದಲು 7ರ ಬಫರಿನಲ್ಲಿ CAL, ಅನಂತರ 4ರ ಬಫರಿನಲ್ಲಿ SLOPE. ಈ ಕಾರಣ ತಿಳಿದಿರುವ ಅನುವಾದಕರು ಎರಡನ್ನೂ "ಮತ್ತು" ಹಾಕಿ ಒಂದೇ ವಾಕ್ಯಕ್ಕೆ ಹೊಲಿಯುವುದಿಲ್ಲ. ನಾನಾದರೆ ಹೀಗೆ ಬರೆಯುತ್ತೇನೆ:

"ಎಲೆಕ್ಟ್ರೋಡನ್ನು ಬಟ್ಟಿ ಇಳಿಸಿದ ನೀರಿನಿಂದ ತೊಳೆಯಿರಿ. ಮೃದುವಾದ ಟಿಶ್ಯೂ ಕಾಗದವನ್ನು ತಾಗಿಸಿ ನೀರನ್ನು ಹೀರಿಸಿ, ಉಜ್ಜಬೇಡಿ. 7ರ ಬಫರಿನಲ್ಲಿ ಅದ್ದಿ. ಅಂಕೆ ನಿಲ್ಲುವವರೆಗೆ ಕಾಯಿರಿ. ಅಂಕೆ ನಿಂತ ಮೇಲೆ CAL ತಿರುಗಿಸಿ 7.00ಕ್ಕೆ ತನ್ನಿ."

"ಒರೆಸಿ" ಎಂದು ಬರೆದರೆ ವಿದ್ಯಾರ್ಥಿಯು ಉಜ್ಜಿಯೇ ಉಜ್ಜುತ್ತಾನೆ. ಗಾಜಿನ ಪೊರೆಯ ಮೇಲೆ ವಿದ್ಯುದಂಶ ಕೂತು ಅಂಕೆ ಬೇಗ ನಿಲ್ಲದೆ ಅಲೆಯುತ್ತದೆ. ಕಾಯುವುದಕ್ಕೆ ಪ್ರತ್ಯೇಕ ವಾಕ್ಯವನ್ನೇ ಕೊಡಬೇಕು. "ಕಾದು" ಎಂದು ನಡುವೆ ತುರುಕಿದರೆ ಅದನ್ನು ಯಾರೂ ಓದುವುದಿಲ್ಲ. ಬಫರಿನ ಅಂಕೆಯ ಜೊತೆಗೆ ಉಷ್ಣತೆಯೂ ಇರಲಿ. ಬೋರಾಕ್ಸ್ ಬಫರ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 9.18 ಇದ್ದರೆ 35 ಡಿಗ್ರಿಯಲ್ಲಿ 9.10ಕ್ಕೆ ಇಳಿಯುತ್ತದೆ, ಏಪ್ರಿಲ್‌ನ ಕಲಬುರಗಿಯಲ್ಲಿ ಬರಿಯ "9.2" ಎಂಬ ಸೂಚನೆ ದಾರಿ ತಪ್ಪಿಸುತ್ತದೆ. ಎಲೆಕ್ಟ್ರೋಡನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಬೇಕೇ ಹೊರತು ಬಟ್ಟಿ ಇಳಿಸಿದ ನೀರಿನಲ್ಲಿ ಇಡಬಾರದೆಂಬ ಸಾಲನ್ನೂ ಬಿಡಬೇಡಿ.

ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅನುವಾದ ಎಡವುವುದು ಬ್ಲ್ಯಾಂಕ್ ಇಡುವ ಹಂತದಲ್ಲಿ. ಇದನ್ನು "ಖಾಲಿ" ಎಂದು ಬರೆದ ಕಡೆ ಕೆಲವರು ಖಾಲಿ ಕ್ಯೂವೆಟ್ ಇಡುತ್ತಾರೆ, ಕೆಲವರು ನೀರು ತುಂಬುತ್ತಾರೆ. ಬ್ಲ್ಯಾಂಕ್ ಎಂಬ ಪದವನ್ನೇ ಇಟ್ಟುಕೊಂಡು, ಆ ಪ್ರಯೋಗದಲ್ಲಿ ಅದರೊಳಗೆ ಏನೇನಿರಬೇಕೆಂದು ಬಿಡಿಸಿ ಬರೆಯುವುದೇ ಸರಿ. ಫಿನಾಂತ್ರೋಲಿನ್ ವಿಧಾನದಲ್ಲಿ ಕಬ್ಬಿಣವನ್ನು ಅಳೆಯುವಾಗ ಹೈಡ್ರಾಕ್ಸಿಲಮೈನ್ ಹೈಡ್ರೋಕ್ಲೋರೈಡ್, ಸೋಡಿಯಂ ಅಸಿಟೇಟ್, ಫಿನಾಂತ್ರೋಲಿನ್, ನೀರು ಎಲ್ಲವೂ ಅದೇ ಪ್ರಮಾಣದಲ್ಲಿರುವ, ಕಬ್ಬಿಣದ ದ್ರಾವಣ ಮಾತ್ರ ಸೇರಿಸದ ದ್ರಾವಣವೇ ಬ್ಲ್ಯಾಂಕ್.

ಇದು ತಪ್ಪಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ. 510 ನ್ಯಾನೋಮೀಟರಿನಲ್ಲಿ, 1 ಸೆಂಟಿಮೀಟರ್ ಕ್ಯೂವೆಟ್‌ನಲ್ಲಿ, ಲೀಟರಿಗೆ 1 ಮಿಲಿಗ್ರಾಂ ಕಬ್ಬಿಣದ ಹೀರುವಿಕೆ ಸುಮಾರು 0.20. ರಾಸಾಯನಿಕಗಳಲ್ಲೇ ಇರುವ ಅತ್ಯಲ್ಪ ಕಬ್ಬಿಣದಿಂದ 0.02 ಬರುತ್ತದೆನ್ನಿ. ನೀರನ್ನು ಇಟ್ಟು ಸೊನ್ನೆ ಮಾಡಿದವರಿಗೆ 0.20ರ ಬದಲು 0.22 ಕಾಣುತ್ತದೆ, ಅಂದರೆ ಶೇಕಡ 10ರಷ್ಟು ಹೆಚ್ಚು. 4 ಮಿಲಿಗ್ರಾಂ ದ್ರಾವಣದಲ್ಲಾದರೆ 0.80ರ ಬದಲು 0.82. ಗ್ರಾಫಿನ ಗೆರೆ ನೇರವಾಗಿಯೇ ಬರುವುದರಿಂದ ಅನುಮಾನ ಹುಟ್ಟುವುದಿಲ್ಲ, ಆದರೆ ಅದು ಮೂಲಬಿಂದುವಿಗಿಂತ ಮೇಲೆ ಲಂಬ ಅಕ್ಷವನ್ನು ಕತ್ತರಿಸುತ್ತದೆ. "ಗೆರೆ ಮೂಲಬಿಂದುವಿಗಿಂತ ಮೇಲೆ ಹೋದರೆ ಬ್ಲ್ಯಾಂಕ್ ಪರೀಕ್ಷಿಸಿ" ಎಂಬ ಸಾಲು ಮೂಲದಲ್ಲಿ ಇಲ್ಲದಿದ್ದರೂ ಕನ್ನಡದಲ್ಲಿ ಸೇರಿಸಿ.

ತರಂಗಾಂತರ ಹೊಂದಿಸುವುದು, ಕ್ಯೂವೆಟ್ಟಿನ ನುಣುಪು ಮೈಯನ್ನು ಬೆಳಕಿನ ದಾರಿಗೆ ಇಡುವುದು, ಮುಚ್ಚಳ ಹಾಕುವುದು, ಇವಕ್ಕೆ ಒಂದೊಂದು ಸಾಲು ಸಾಕು.

ಬೆರಳಚ್ಚನ್ನು ಯೂನಿಕೋಡಿನಲ್ಲೇ ಮಾಡಿ. ಹಳೆಯ ಅಕ್ಷರಶೈಲಿಗಳಲ್ಲಿ ಮಾಡಿದರೆ ಬೇರೆ ಗಣಕದಲ್ಲಿ ತೆರೆದಾಗ ಪಠ್ಯವೇ ಕಲಸಿಹೋಗುತ್ತದೆ. ಮುದ್ರಿಸುವ ಮೊದಲು, ಈ ಉಪಕರಣವನ್ನು ಎಂದೂ ಮುಟ್ಟದ ಒಬ್ಬ ವಿದ್ಯಾರ್ಥಿಗೆ ಕರಡನ್ನು ಕೊಟ್ಟು, ಬಾಯಿ ತೆರೆಯದೆ ಪಕ್ಕದಲ್ಲಿ ನಿಲ್ಲಿ. "ಸರ್, ಈಗ ಇದನ್ನಾ?" ಎಂದು ಕೇಳಿದರೆ ಉತ್ತರಿಸದೆ ಆ ಸಾಲಿಗೆ ಗುರುತು ಹಾಕಿ, ತಿದ್ದಿದ ಕರಡನ್ನು ಮರುದಿನ ಇನ್ನೊಬ್ಬರ ಕೈಗೆ ಕೊಡಿ.