ಪಾಸ್‌ವರ್ಡ್ ಸರಿಯಾಗೇ ಇದೆ, ಆದ್ರೂ ಒಳಗೆ ಬಿಡ್ತಿಲ್ವಾ? ಮೊದಲು ಚುಕ್ಕಿ ಎಣಿಸಿ

ಪಾಸ್‌ವರ್ಡ್ ನಿಮಗೆ ಬಾಯಿಪಾಠ. ನಿನ್ನೆವರೆಗೂ ನಡೆದಿದೆ. ಇವತ್ತು ಮಾತ್ರ ಎಷ್ಟು ಸಲ ಒತ್ತಿದರೂ ತಪ್ಪು ಅನ್ನುತ್ತಿದೆ. ಇಂಥ ಹೊತ್ತಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ: ಅದನ್ನೇ ಮತ್ತೆ ಮತ್ತೆ ಒತ್ತಿ ಖಾತೆ ಲಾಕ್ ಮಾಡಿಸಿಕೊಳ್ಳುತ್ತಾರೆ, ಇಲ್ಲವೇ ಸೀದಾ `Forgot password` ಒತ್ತುತ್ತಾರೆ. ಎರಡೂ ಬೇಡ, ಸ್ವಲ್ಪ ತಡೆಯಿರಿ. ನೀವು ಒತ್ತಿದ್ದು ಒಂದು, ಕೀಬೋರ್ಡ್ ಕಳಿಸಿದ್ದು ಇನ್ನೊಂದು ಆಗಿರುವ ಸಾಧ್ಯತೆ ಇದೆ, ಮತ್ತು ಅದನ್ನು ಪತ್ತೆ ಮಾಡುವುದು ಕಷ್ಟವೇನಲ್ಲ.

"ಒಂದೇ ಅಕ್ಷರ ತಪ್ಪಾಗಿದೆ ಅಂತ ಅದೇ ಹೇಳಬಾರದಾ?" ಅನಿಸಬಹುದು. ಹೇಳಲು ಆಗುವುದಿಲ್ಲ. ಸರಿಯಾಗಿ ಕಟ್ಟಿದ ಸೈಟಿನಲ್ಲಿ ನಿಮ್ಮ ಪಾಸ್‌ವರ್ಡ್ ಹಾಗೇ ಇರುವುದಿಲ್ಲ, ಅದರಿಂದ ಲೆಕ್ಕ ಹಾಕಿ ತೆಗೆದ ಹ್ಯಾಶ್ ಮಾತ್ರ ಇರುತ್ತದೆ. ಒಂದು ಸ್ಪೇಸ್ ಜಾಸ್ತಿಯಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಹತ್ತಿರ ಬಂದಿದ್ದೀರೋ ದೂರ ಇದ್ದೀರೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಪತ್ತೇದಾರಿ ಕೆಲಸ ನಮ್ಮದೇ.

ಚುಕ್ಕಿ ಎಣಿಸಿ

ಉದಾಹರಣೆಗೆ ಈ ಪಾಸ್‌ವರ್ಡ್ ತಗೊಳ್ಳೋಣ (ಇದನ್ನೇ ಇಟ್ಟುಕೊಳ್ಳಬೇಡಿ ಮತ್ತೆ!):

```
Nadi@47#Kere
```

ಇದರಲ್ಲಿ ಒಟ್ಟು 12 ಅಕ್ಷರ. ಟೈಪ್ ಮಾಡಿ, ಎಂಟರ್ ಒತ್ತದೆ, ಬಾಕ್ಸಿನಲ್ಲಿ ಎಷ್ಟು ಚುಕ್ಕಿ ಬಂದಿದೆ ನೋಡಿ. 13 ಬಂದರೆ ಎಲ್ಲೋ ಒಂದು ಅಕ್ಷರ ಇಲ್ಲವೇ ಸ್ಪೇಸ್ ಜಾಸ್ತಿ ಸೇರಿಕೊಂಡಿದೆ, ಸ್ಪೇಸ್ ಆದರೆ ಸಾಮಾನ್ಯವಾಗಿ ಕೊನೆಯಲ್ಲಿ. 11 ಬಂದರೆ ಒಂದು ಕೀ ಸರಿಯಾಗಿ ಒತ್ತಿಲ್ಲ. 12ಕ್ಕೆ 12 ಇದ್ದೂ ಬಾಗಿಲು ತೆಗೆಯದಿದ್ದರೆ ಯಾವ ಕೀ ಯಾವ ಅಕ್ಷರ ಕೊಡಬೇಕು ಅನ್ನುವ ಕೀಬೋರ್ಡ್ ಲೇಔಟ್ ಮೇಲೆ, ಇಲ್ಲವೇ ದೊಡ್ಡ-ಸಣ್ಣ ಅಕ್ಷರದ ಮೇಲೆ ಅನುಮಾನ ಪಡಿ.

ಈ ಸ್ಪೇಸ್ ಎಲ್ಲಿಂದ ಬರುತ್ತದೆ? ಬಹಳ ಸಲ ಕಾಪಿ-ಪೇಸ್ಟ್‌ನಿಂದ. ವರ್ಡ್‌ನಂಥ ಪ್ರೋಗ್ರಾಂನಲ್ಲಿ ಒಂದು ಪದದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಪದದ ಜೊತೆ ಅದರ ನಂತರದ ಸ್ಪೇಸ್ ಕೂಡ ಸೆಲೆಕ್ಟ್ ಆಗುತ್ತದೆ, ಕಾಪಿ ಮಾಡಿದಾಗ ಅದೂ ಬರುತ್ತದೆ. ಮೊಬೈಲಿನಲ್ಲಿ ಇನ್ನೊಂದು ದಾರಿ: ಯೂಸರ್‌ನೇಮ್ ಬಾಕ್ಸಿನಲ್ಲಿ ಕೀಬೋರ್ಡ್ ಮೇಲೆ ಬರುವ ಸಲಹೆಯನ್ನು ಒತ್ತಿದರೆ, ಪದದ ಬಾಲಕ್ಕೆ ತಾನೇ ಒಂದು ಸ್ಪೇಸ್ ಹಾಕಿಬಿಡುತ್ತದೆ. ಅಂದರೆ ತಪ್ಪು ಪಾಸ್‌ವರ್ಡಿನಲ್ಲಿ ಇರಲೇಬೇಕು ಅಂತಿಲ್ಲ, ಮೇಲಿನ ಬಾಕ್ಸನ್ನೂ ನೋಡಿ. ಅದರಲ್ಲಿ ಕರ್ಸರನ್ನು ಕೊನೆಗೆ ತನ್ನಿ. ಅಕ್ಷರಕ್ಕೂ ಕರ್ಸರಿಗೂ ನಡುವೆ ಜಾಗ ಕಂಡರೆ ಒಂದು ಸಲ ಅಳಿಸಿ.

ಲೇಔಟ್: ಚುಕ್ಕಿಗೂ ಸಿಗದ ಕಳ್ಳ

ನನ್ನ ಪ್ರಕಾರ ಜನರನ್ನು ಅತಿ ಹೆಚ್ಚು ಸುಸ್ತು ಮಾಡುವುದು ಇದೇ. ಕೀಲಿಯ ಮೇಲೆ ಅಚ್ಚಾದ ಗುರುತು ಒಂದು, ಕಂಪ್ಯೂಟರ್ ಅಂದುಕೊಂಡ ಲೇಔಟ್ ಇನ್ನೊಂದು. ಅಮೆರಿಕನ್ ಲೇಔಟಿನಲ್ಲಿ ಶಿಫ್ಟ್ ಜೊತೆ 2 ಒತ್ತಿದರೆ `@`, 3 ಒತ್ತಿದರೆ `#`. ಬ್ರಿಟಿಷ್ ಲೇಔಟಿಗೆ ಬದಲಾಗಿದ್ದರೆ ಅದೇ ಕೀಲಿಗಳು `"` ಮತ್ತು `£` ಕೊಡುತ್ತವೆ. ಬೆರಳು ಒತ್ತಿದ್ದು ಅದನ್ನೇ, ಬಾಕ್ಸಿಗೆ ಹೋದದ್ದು ಮಾತ್ರ ಇದು:

```
Nadi"47£Kere
```

ಇದೂ 12 ಅಕ್ಷರವೇ. ಚುಕ್ಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಜರ್ಮನ್ ಲೇಔಟ್ ಆದರೆ `y` ಮತ್ತು `z` ಜಾಗ ಅದಲುಬದಲು, ಫ್ರೆಂಚ್ ಲೇಔಟಿನಲ್ಲಿ `a` ಮತ್ತು `q` ಅದಲುಬದಲು. ಕನ್ನಡ ಲೇಔಟ್ ಆನ್ ಆಗಿದ್ದರಂತೂ ಬೇರೆಯೇ ಕಥೆ, ಚುಕ್ಕಿಯ ಹಿಂದೆ ಏನು ಕೂತಿದೆಯೋ ದೇವರೇ ಬಲ್ಲ.

ಪರೀಕ್ಷೆ ಸುಲಭ. ಯೂಸರ್‌ನೇಮ್ ಬಾಕ್ಸಿನಲ್ಲಿ ಬರೆದದ್ದು ಕಣ್ಣಿಗೆ ಕಾಣುತ್ತದೆ ಅಲ್ವಾ? ಅಲ್ಲಿ ಶಿಫ್ಟ್ ಹಿಡಿದು 2 ಮತ್ತು 3 ಒತ್ತಿ, ಆಮೇಲೆ `q`, `a`, `y`, `z` ಒತ್ತಿ. ಏನು ಬಂತು ನೋಡಿ, ಅಳಿಸಿ. ಪೂರ್ತಿ ಪಾಸ್‌ವರ್ಡನ್ನು ಅಲ್ಲಿ ಬರೆಯಬೇಡಿ. ಅಪ್ಪಿತಪ್ಪಿ ಎಂಟರ್ ಒತ್ತಿದರೆ ಅದು ಯೂಸರ್‌ನೇಮ್ ಅಂತ ಹೋಗಿ ಸರ್ವರಿನ ದಾಖಲೆಯಲ್ಲಿ ಹಾಗೇ ಉಳಿದುಬಿಡಬಹುದು.

ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಸ್ಪೇಸ್‌ಬಾರ್ ಒತ್ತಿದರೆ ಲೇಔಟ್ ಬದಲಾಗುತ್ತದೆ. ಗೊತ್ತಿಲ್ಲದೆ ಕೈ ತಾಗಿ ಬದಲಾಗುವುದೂ ಹೀಗೆಯೇ. ಲಾಗಿನ್ ಪರದೆಯ ಬಲಗಡೆ ಕೆಳಮೂಲೆಯಲ್ಲಿ `ENG` ಅಂತ ಸಣ್ಣದಾಗಿ ಕಾಣುತ್ತದಲ್ಲ, ಅದರ ಮೇಲೆ ಕ್ಲಿಕ್ ಮಾಡಿ ಸರಿಯಾದದ್ದನ್ನು ಆರಿಸಿ. ಒಂದಕ್ಕಿಂತ ಜಾಸ್ತಿ ಲೇಔಟ್ ಇದ್ದರೆ ಮಾತ್ರ ಅದು ಕಾಣುತ್ತದೆ. ಹಳೆಯ ಸಣ್ಣ ಲ್ಯಾಪ್‌ಟಾಪ್ ಆದರೆ ನಮ್‌ಲಾಕ್ ಕೂಡ ನೋಡಿ, ಅದು ಆನ್ ಇದ್ದರೆ ಕೆಲವದರಲ್ಲಿ `u`, `i`, `o` ಒತ್ತಿದಾಗ 4, 5, 6 ಬರುತ್ತದೆ.

ಆಟೋಕರೆಕ್ಟ್ ಎಲ್ಲಿ ಕೈ ಹಾಕುತ್ತದೆ

ಚುಕ್ಕಿ ತೋರಿಸುವ ಬಾಕ್ಸಿನಲ್ಲಿ ಮೊಬೈಲ್ ಕೀಬೋರ್ಡ್ ಸಾಮಾನ್ಯವಾಗಿ ತೆಪ್ಪಗಿರುತ್ತದೆ, ಪದ ತಿದ್ದುವುದಿಲ್ಲ. ಆದರೆ ಕಣ್ಣಿನ ಗುರುತು ಒತ್ತಿ ಪಾಸ್‌ವರ್ಡ್ ಕಾಣುವಂತೆ ಮಾಡಿದರೆ, ಎಷ್ಟೋ ವೆಬ್ ಪುಟಗಳಲ್ಲಿ ಅದು ಮಾಮೂಲಿ ಬಾಕ್ಸ್ ಆಗಿಬಿಡುತ್ತದೆ. ಆಗ ಆಟೋಕರೆಕ್ಟ್ ಎದ್ದು ಕೂರಬಹುದು: ಮೊದಲ ಅಕ್ಷರ ದೊಡ್ಡದಾಗಬಹುದು, `Kere` ಯಾವುದೋ ಇಂಗ್ಲಿಷ್ ಪದ ಆಗಬಹುದು, ಎರಡು ಸ್ಪೇಸ್ ಒಂದು ಫುಲ್‌ಸ್ಟಾಪ್ ಆಗಬಹುದು. ಅದಕ್ಕೆ ಮೊದಲು ಟೈಪ್ ಮಾಡಿ, ಆಮೇಲೆ ಕಣ್ಣು ಒತ್ತಿ, ಓದಿ ನೋಡಿ. ಕಣ್ಣು ತೆರೆದಿಟ್ಟು ಟೈಪ್ ಮಾಡಬೇಡಿ.

ಇನ್ನೊಂದು, ಯಾರೋ ಮೆಸೇಜಿನಲ್ಲಿ ಕಳಿಸಿದ ತಾತ್ಕಾಲಿಕ ಪಾಸ್‌ವರ್ಡ್. ಕಳಿಸಿದವರ ಫೋನೇ ಅದನ್ನು ತಿದ್ದಿರಬಹುದು. ಐಫೋನಿನಲ್ಲಿ `Smart Punctuation` ಆನ್ ಇದ್ದರೆ ನೆಟ್ಟಗಿನ `"` ಬಾಗಿದ `“` ಆಗುತ್ತದೆ, ಎರಡು ಅಡ್ಡಗೆರೆ ಸೇರಿ ಒಂದು ಉದ್ದ ಗೆರೆ ಆಗುತ್ತದೆ. ನೀವು ಎಷ್ಟೇ ನೀಟಾಗಿ ಕಾಪಿ ಮಾಡಿದರೂ ತಪ್ಪೇ ಬರುತ್ತದೆ. ಅಂಥ ಗುರುತು ಕಂಡರೆ ಅದನ್ನು ಕೈಯಲ್ಲಿ ಟೈಪ್ ಮಾಡಿ.

ಎಲ್ಲ ಸರಿ ಇದ್ದೂ ಆಗದಿದ್ದರೆ

ಆಗ ಲೆಕ್ಕ ತಿರುಗಿಸಿ ನೋಡಿ. ಇವತ್ತು ನೀವು ಒತ್ತುತ್ತಿರುವುದು ಸರಿ, ಪಾಸ್‌ವರ್ಡ್ ಇಟ್ಟ ದಿನವೇ ತಪ್ಪಾಗಿತ್ತು! ಅವತ್ತು ಲೇಔಟ್ ಬ್ರಿಟಿಷ್ ಆಗಿತ್ತು ಅನ್ನಿ. ಹೊಸ ಪಾಸ್‌ವರ್ಡನ್ನು ಎರಡು ಸಲ ಕೇಳುವ ಎರಡೂ ಬಾಕ್ಸಿನಲ್ಲಿ ಅದೇ ತಪ್ಪು ಬಿದ್ದಿದ್ದರಿಂದ ಸೈಟ್ ಒಪ್ಪಿಕೊಂಡಿತು. ಅದೇ ಲ್ಯಾಪ್‌ಟಾಪಿನಲ್ಲಿ ಇಷ್ಟು ದಿನ ಚೆನ್ನಾಗೇ ನಡೆಯಿತು. ಫೋನಿನಲ್ಲಿ ಮಾತ್ರ ಆಗುತ್ತಿಲ್ಲ, ಯಾಕೆಂದರೆ ಫೋನಿನಲ್ಲಿ ನೀವು ನಿಜವಾದ `@` ಹಾಕುತ್ತಿದ್ದೀರಿ. "ಒಂದು ಕಡೆ ಆಗುತ್ತೆ, ಇನ್ನೊಂದು ಕಡೆ ಆಗಲ್ಲ" ಅನ್ನುವುದೇ ಇದರ ಸುಳಿವು.

ಹೀಗಿದ್ದರೆ ಫೋನಿನಲ್ಲಿ ಒಂದೇ ಒಂದು ಸಲ `Nadi"47£Kere` ಹಾಕಿ ನೋಡಿ. ತೆಗೆದುಕೊಂಡಿತಾ? ಕಾರಣ ಸಿಕ್ಕಿತು. ಈಗ ಲ್ಯಾಪ್‌ಟಾಪಿನಲ್ಲಿ ಮೊದಲು ಲೇಔಟ್ ಸರಿ ಮಾಡಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಈ ಕ್ರಮ ಮುಖ್ಯ, ಉಲ್ಟಾ ಮಾಡಿದರೆ ಮತ್ತೆ ಅದೇ ತಪ್ಪು ಕೂರುತ್ತದೆ. ಬೇಡದ ಲೇಔಟನ್ನು ವಿಂಡೋಸ್ ಸೆಟ್ಟಿಂಗ್ಸ್‌ನ ಭಾಷೆಯ ಭಾಗಕ್ಕೆ ಹೋಗಿ, ಆ ಭಾಷೆಯ ಕೀಬೋರ್ಡ್ ಪಟ್ಟಿಯಿಂದ ತೆಗೆದುಹಾಕಿ. ಹೊಸ ಪಾಸ್‌ವರ್ಡಿನಲ್ಲಿ ಚಿಹ್ನೆ ತುಂಬುವುದಕ್ಕಿಂತ ಉದ್ದ ಜಾಸ್ತಿ ಮಾಡಿ. ಸೈಟ್ ಚಿಹ್ನೆ ಬೇಕೇಬೇಕು ಅಂದರೆ `!` ಹಾಕಿ, ಅಮೆರಿಕನ್, ಬ್ರಿಟಿಷ್, ಜರ್ಮನ್ ಮೂರರಲ್ಲೂ ಅದು 1ರ ಮೇಲೇ ಇದೆ.

ಕೊನೆಯಲ್ಲಿ ಸ್ಪೇಸ್ ಸಮೇತ ಪಾಸ್‌ವರ್ಡ್ ಇಟ್ಟಿದ್ದರೆ ಸ್ವಲ್ಪ ಪೇಚಾಟ. ಕೆಲವು ಸೈಟ್‌ಗಳು ಕೊನೆಯ ಸ್ಪೇಸನ್ನು ತಾವೇ ಕತ್ತರಿಸುತ್ತವೆ, ಕೆಲವು ಹಾಗೇ ಬಿಡುತ್ತವೆ. ಒಂದು ಸಲ ಸ್ಪೇಸ್ ಹಾಕಿ, ಒಂದು ಸಲ ಹಾಕದೆ ನೋಡಿ. ಎರಡೂ ಆಗದಿದ್ದರೆ `Forgot password` ಒತ್ತಿ.