38% ಚಾರ್ಜ್ ಇದ್ದರೂ ಲ್ಯಾಪ್‌ಟಾಪ್ ಆಫ್ ಆಗುತ್ತಿದೆಯೇ? ಬ್ಯಾಟರಿ ಊದಿದೆಯಾ ನೋಡಿ

ಪರದೆಯ ಮೂಲೆಯಲ್ಲಿ 38% ಎಂದು ಕಾಣುತ್ತಿರುತ್ತದೆ. ವಿಡಿಯೋ ಕರೆ ಶುರು ಮಾಡಿದ ಕೂಡಲೇ ಲ್ಯಾಪ್‌ಟಾಪ್ ಟಪ್ ಎಂದು ಆಫ್. ಚಾರ್ಜ್ ಕಡಿಮೆ ಇದೆ ಎಂಬ ಎಚ್ಚರಿಕೆಯೂ ಬರುವುದಿಲ್ಲ. ಮತ್ತೆ ಆನ್ ಮಾಡಿದರೆ 36% ತೋರಿಸುತ್ತದೆ, ಏನೂ ಆಗೇ ಇಲ್ಲ ಎನ್ನುವ ಹಾಗೆ. ಚಾರ್ಜರ್ ಹಾಕಿಕೊಂಡರೆ ತೊಂದರೆಯೇ ಇಲ್ಲ.

ಎಷ್ಟೋ ಜನ ಇದನ್ನು ವೈರಸ್ ಕಾಟ ಅಂದುಕೊಂಡು ವಿಂಡೋಸ್ ಮತ್ತೆ ಹಾಕಿಸುತ್ತಾರೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಸಮತಟ್ಟಾದ ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿ.

ಊದಿದ್ದು ಗೊತ್ತಾಗುವುದು ಹೇಗೆ

ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಾಗ ಲ್ಯಾಪ್‌ಟಾಪ್ ಅಲ್ಲಾಡುತ್ತದೆಯೇ? ಮೊದಲು ಹಾಗಿರಲಿಲ್ಲ ಎಂದಾದರೆ ಕೆಳಗಿನ ಮುಚ್ಚಳ ಉಬ್ಬಿರಬಹುದು. ಮೇಲಿನ ಮತ್ತು ಕೆಳಗಿನ ಭಾಗ ಸೇರುವ ಗೆರೆಯನ್ನು ಸುತ್ತಲೂ ನೋಡಿ. ಒಂದು ಕಡೆ ಮಾತ್ರ ಸಂದು ಅಗಲವಾಗಿ, ಅಲ್ಲಿ ಕಾಗದದ ಚೂರು ತೂರುವಂತಿದ್ದರೆ ಅನುಮಾನ ಪಡಬೇಕಾದ್ದೇ. ಪರದೆ ಮುಚ್ಚಿದಾಗ ಪೂರ್ತಿ ಕೂರುವುದಿಲ್ಲ ಎಂಬುದೂ ಒಂದು ಗುರುತು.

ಎಲ್ಲಕ್ಕಿಂತ ಮೊದಲು ಸುಳಿವು ಕೊಡುವುದು ಹೆಚ್ಚಾಗಿ ಟಚ್‌ಪ್ಯಾಡ್. ಬಹಳಷ್ಟು ಮಾದರಿಗಳಲ್ಲಿ ಬ್ಯಾಟರಿ ಇರುವುದು ಅದರ ಕೆಳಗೇ. ಬ್ಯಾಟರಿ ಕೆಳಗಿನಿಂದ ಒತ್ತಿದಾಗ ಟಚ್‌ಪ್ಯಾಡಿನ ಕ್ಲಿಕ್ ಬಿಗಿಯಾಗುತ್ತದೆ, ಇಲ್ಲವೇ ಪೂರ್ತಿ ನಿಂತುಹೋಗುತ್ತದೆ. ಕೆಲವೊಮ್ಮೆ ತಾನಾಗಿಯೇ ಕ್ಲಿಕ್ ಆಗುವುದೂ ಉಂಟು. ಕೀಬೋರ್ಡ್ ನಡುವೆ ಉಬ್ಬಿ ಬರುವುದೂ ಇದೇ ಕಾರಣಕ್ಕೆ. ಉಬ್ಬು ಕಂಡರೆ ಒತ್ತಿ ಒತ್ತಿ ಪರೀಕ್ಷೆ ಮಾಡಬೇಡಿ, ಕಣ್ಣಿನಲ್ಲಿ ನೋಡಿದ್ದು ಸಾಕು.

ಇದರಲ್ಲಿ ಒಂದು ಗುರುತಾದರೂ ಸ್ಪಷ್ಟವಾಗಿದ್ದರೆ ಲ್ಯಾಪ್‌ಟಾಪನ್ನು ಮತ್ತೆ ಆನ್ ಮಾಡದೆ ಕೆಳಗೆ ಹೇಳಿರುವ ಹಂತಗಳಿಗೆ ಹೋಗಿ. ಮೈ ಎಲ್ಲ ಕಡೆ ಚಪ್ಪಟೆಯಾಗೇ ಇದ್ದರೆ ಮಾತ್ರ ಆನ್ ಮಾಡಿ ಬ್ಯಾಟರಿಯ ವರದಿ ತೆಗೆಯಿರಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಬೇಕು:

```
powercfg /batteryreport
```

ಫೈಲ್ ಎಲ್ಲಿ ಸೇವ್ ಆಯಿತು ಎಂಬುದನ್ನು ಅದೇ ತೋರಿಸುತ್ತದೆ. ಬ್ರೌಸರ್‌ನಲ್ಲಿ ತೆರೆದು DESIGN CAPACITY ಮತ್ತು FULL CHARGE CAPACITY ಎಂಬ ಎರಡು ಸಾಲು ಹುಡುಕಿ. ಮೊದಲನೆಯದು 50,000, ಎರಡನೆಯದು 31,000 ಎಂದಿದ್ದರೆ ಬ್ಯಾಟರಿಯಲ್ಲಿ ಉಳಿದಿರುವುದು ಹೊಸದರ 62% ಶಕ್ತಿ. ಆದರೆ ಈ ವರದಿಗೆ ಊತ ಕಾಣುವುದಿಲ್ಲ. ಅಂಕಿ ಚೆನ್ನಾಗಿದ್ದೂ ಬ್ಯಾಟರಿ ಊದಿರಬಹುದು. ಹಾಗಾಗಿ ಕಣ್ಣಿಗೆ ಕಂಡದ್ದನ್ನು ವರದಿ ಸುಳ್ಳು ಮಾಡಲಾರದು.

38ಕ್ಕೇ ಯಾಕೆ ಆಫ್ ಆಗುತ್ತದೆ

ಇಂದಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳ ಬ್ಯಾಟರಿಯೊಳಗೆ ಸಾಮಾನ್ಯವಾಗಿ ಚಪ್ಪಟೆ ಲಿಥಿಯಂ ಸೆಲ್‌ಗಳಿರುತ್ತವೆ. ಒಂದೊಂದೂ ತೆಳುವಾದ ಅಲ್ಯೂಮಿನಿಯಂ ಹಾಳೆಯ ಚೀಲ. ಅದರೊಳಗೆ ಪದರ ಪದರವಾಗಿ ಎಲೆಕ್ಟ್ರೋಡ್‌ಗಳು, ನಡುವೆ ಪ್ಲಾಸ್ಟಿಕ್ಕಿನ ತೆಳು ಪೊರೆ, ಎಲ್ಲವನ್ನೂ ನೆನೆಸಿದ ಎಲೆಕ್ಟ್ರೋಲೈಟ್ ದ್ರವ. ವಯಸ್ಸಾದಂತೆ, ಬಿಸಿಯಲ್ಲಿದ್ದಷ್ಟೂ, ಸದಾ 100% ಚಾರ್ಜಿನಲ್ಲಿ ಇಟ್ಟಷ್ಟೂ ಈ ದ್ರವ ಒಡೆದು ಅನಿಲ ಹುಟ್ಟುತ್ತದೆ. ಚೀಲಕ್ಕೆ ಗಾಳಿ ಹೊರಹೋಗುವ ದಾರಿಯಿಲ್ಲ. ಅದು ದಿಂಬಿನಂತೆ ಊದಿಕೊಳ್ಳುತ್ತದೆ.

ಬಿಗಿಯಾಗಿ ಅಂಟಿಕೊಂಡಿದ್ದ ಪದರಗಳ ನಡುವೆ ಅನಿಲ ಸೇರಿದಾಗ ಕರೆಂಟ್ ಹರಿಯುವ ದಾರಿ ಕಷ್ಟವಾಗುತ್ತದೆ. ಅಂದರೆ ಬ್ಯಾಟರಿಯ ಒಳಗಿನ ಪ್ರತಿರೋಧ ಏರುತ್ತದೆ. ಆಟವೆಲ್ಲ ಇರುವುದು ಇಲ್ಲೇ.

ಒಂದು ಲೆಕ್ಕ ಹಾಕೋಣ. ಮೂರು ಸೆಲ್‌ಗಳನ್ನು ಸಾಲಾಗಿ ಜೋಡಿಸಿದ ಬ್ಯಾಟರಿ, 38% ಚಾರ್ಜ್ ಇರುವಾಗ ಸುಮ್ನೆ ಕೂತಿದ್ದರೆ ಸುಮಾರು 11.1 ವೋಲ್ಟ್ ಕೊಡುತ್ತದೆ ಎಂದುಕೊಳ್ಳಿ. ವೋಲ್ಟೇಜ್ 9ಕ್ಕಿಂತ ಕೆಳಗಿಳಿದರೆ ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಕರೆಂಟ್ ಕಡಿದು ಹಾಕುತ್ತದೆ ಎಂದಿಟ್ಟುಕೊಳ್ಳೋಣ. ಬ್ಯಾಟರಿ ಆರೋಗ್ಯವಾಗಿದ್ದು ಒಳ ಪ್ರತಿರೋಧ 0.15 ಓಮ್ ಇದ್ದರೆ, ವಿಡಿಯೋ ಕರೆಗೆ 45 ವ್ಯಾಟ್ ಎಳೆದಾಗಲೂ ವೋಲ್ಟೇಜ್ 10.4ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಬ್ಯಾಟರಿ ಊದಿ ಪ್ರತಿರೋಧ 0.5 ಓಮ್‌ಗೆ ಏರಿದ್ದರೆ ಅಷ್ಟೇ ಕೆಲಸಕ್ಕೆ ವೋಲ್ಟೇಜ್ ಸುಮಾರು 8.4ಕ್ಕೆ ಕುಸಿಯುತ್ತದೆ. ಸರ್ಕ್ಯೂಟ್ ಕಡಿಯುತ್ತದೆ, ಲ್ಯಾಪ್‌ಟಾಪ್ ಆಫ್.

ಬರೀ ಟೈಪ್ ಮಾಡುವಾಗ 10 ವ್ಯಾಟ್ ಸಾಕು. ಆಗ ಇದೇ ಕೆಟ್ಟ ಬ್ಯಾಟರಿಯೂ 10.6 ವೋಲ್ಟ್ ಉಳಿಸಿಕೊಂಡು ಆರಾಮಾಗಿ ನಡೆಯುತ್ತದೆ. ಆಫ್ ಆದ ಮೇಲೆ ಎಳೆತವೇ ಇಲ್ಲವಲ್ಲ, ವೋಲ್ಟೇಜ್ ಮತ್ತೆ ಮೇಲೇರುತ್ತದೆ. ಆನ್ ಮಾಡಿದಾಗ 36% ಕಾಣುವುದು ಅದಕ್ಕೇ. ಶೇಕಡಾ ಅಂಕಿ ಹೇಳುವುದು ಎಷ್ಟು ಶಕ್ತಿ ಉಳಿದಿದೆ ಎಂಬುದನ್ನು, ಒಮ್ಮೆಲೇ ಎಷ್ಟು ಕೊಡಬಲ್ಲದು ಎಂಬುದನ್ನಲ್ಲ.

ಹಳೆಯ ಬ್ಯಾಟರಿ ಊದದೆಯೂ ಹೀಗೆ ಆಡಬಹುದು. ಅದನ್ನು ಸಮಯ ನೋಡಿ ಬದಲಿಸಿದರಾಯಿತು. ಊದಿದ್ದರೆ ಮಾತ್ರ ಕಾಯುವಂತಿಲ್ಲ.

ಅಪಾಯ ಎಲ್ಲಿದೆ

ಊದಿದ ಬ್ಯಾಟರಿ ಕೂಡಲೇ ಸಿಡಿಯುತ್ತದೆ ಎಂದಲ್ಲ. ಎಷ್ಟೋ ಬ್ಯಾಟರಿಗಳು ತಿಂಗಳುಗಟ್ಟಲೆ ಊದಿಕೊಂಡೇ ಇರುತ್ತವೆ. ಆದರೆ ಆ ಅಲ್ಯೂಮಿನಿಯಂ ಚೀಲ ಆಗಲೇ ಬಿಗಿದು ನಿಂತಿರುತ್ತದೆ, ಸುತ್ತ ಇರುವುದು ಸ್ಕ್ರೂ ಮೊನೆಗಳು, ಲೋಹದ ಅಂಚುಗಳು. ಒತ್ತಡಕ್ಕೋ ಚುಚ್ಚಿದ್ದಕ್ಕೋ ಒಳಗಿನ ತೆಳು ಪೊರೆ ಹರಿದರೆ ಎರಡು ಎಲೆಕ್ಟ್ರೋಡ್‌ಗಳು ನೇರ ತಾಗಿ ಶಾರ್ಟ್ ಆಗುತ್ತದೆ. ಆ ಜಾಗ ಬಿಸಿಯೇರುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಮಾನ್ಯ ಪಾಲಿಎಥಿಲೀನ್ ಪೊರೆ ಕರಗಿ, ಶಾರ್ಟ್ ಇನ್ನೂ ಹರಡುತ್ತದೆ. ಆಮೇಲೆ ಒಳಗಿನ ರಾಸಾಯನಿಕಗಳೇ ತಮ್ಮ ಬಿಸಿಯನ್ನು ತಾವೇ ಏರಿಸಿಕೊಳ್ಳುತ್ತವೆ. ಚಾರ್ಜರ್ ಕಿತ್ತರೂ ಅದು ನಿಲ್ಲುವುದಿಲ್ಲ. ಒಂದು ಸೆಲ್‌ನಿಂದ ಪಕ್ಕದ ಸೆಲ್‌ಗೆ ಬೆಂಕಿ ದಾಟುತ್ತದೆ.

‘ಸೂಜಿಯಲ್ಲಿ ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತದೆ’ ಎನ್ನುವವರಿದ್ದಾರೆ. ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಒಳಗಿರುವ ಅನಿಲದಲ್ಲಿ ಹೊತ್ತಿಕೊಳ್ಳುವಂಥವೂ ಇರುತ್ತವೆ. ಸೂಜಿ ಒಳಹೋದರೆ ಅದೇ ಶಾರ್ಟ್ ಮಾಡಬಹುದು. ಎಲೆಕ್ಟ್ರೋಲೈಟಿನ ಲಿಥಿಯಂ ಉಪ್ಪು ತೇವಾಂಶ ತಾಗಿದಾಗ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶವನ್ನು ಸುಡುತ್ತದೆ.

ಈಗ ಮಾಡಬೇಕಾದ್ದು

ಮೊದಲು ಚಾರ್ಜರ್ ಕಿತ್ತು ಹಾಕಿ, ಮತ್ತೆ ಹಾಕಬೇಡಿ. ಲ್ಯಾಪ್‌ಟಾಪ್ ಆನ್ ಇರುವಾಗಲೇ ಊತ ಕಂಡಿದ್ದರೆ ಕೆಲಸ ಸೇವ್ ಮಾಡಿ ಶಟ್‌ಡೌನ್ ಕೊಡಿ. ಸ್ಲೀಪ್ ಸಾಲದು. ಫೈಲ್‌ಗಳ ಚಿಂತೆ ಬೇಡ. ಅವು ಇರುವುದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ, ಬ್ಯಾಟರಿ ತೆಗೆದರೆ ಅಳಿಯುವುದಿಲ್ಲ. ಬ್ಯಾಕಪ್‌ಗಾಗಿ ಊದಿದ ಬ್ಯಾಟರಿಯ ಮೇಲೆ ಗಂಟೆಗಟ್ಟಲೆ ಓಡಿಸುವುದು ನನ್ನ ಪ್ರಕಾರ ಲಾಭದ ವ್ಯಾಪಾರವಲ್ಲ.

ಎರಡನೆಯದು ಜಾಗ. ಟೈಲ್ಸ್, ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ ಇಡಿ. ಹಾಸಿಗೆ, ಪರದೆ ಬಟ್ಟೆ, ಕಾಗದ ದೂರವಿರಲಿ. ಬಿಸಿಲು ಬೇಡ, ಫ್ರಿಜ್ಜೂ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಅನಿಲ ಹೊರಬಂದರೆ ಡಬ್ಬಿಯೇ ಸಿಡಿಯಬಹುದು. ಮುಚ್ಚದ ಪರದೆಯನ್ನು ಒತ್ತಿ ಮುಚ್ಚುವುದು, ಮೇಲೆ ಪುಸ್ತಕ ಪೇರಿಸಿ ಚಪ್ಪಟೆ ಮಾಡಲು ನೋಡುವುದು ಎರಡೂ ತಪ್ಪು.

ಮೂರನೆಯದು ತೆಗೆಯುವುದು. ಇಲ್ಲಿ ನೀವೇ ಕೈ ಹಾಕಬೇಕೋ ಬೇಡವೋ ಎಂಬುದನ್ನು ಬ್ಯಾಟರಿ ಕೂತಿರುವ ರೀತಿ ಹೇಳುತ್ತದೆ. ಹೊರಗಿನಿಂದ ಲಾಚ್ ಸರಿಸಿ ತೆಗೆಯುವ ಹಳೆಯ ಮಾದರಿಯಾದರೆ, ಸಲೀಸಾಗಿ ಬಂದರೆ ತೆಗೆಯಿರಿ. ಸಿಕ್ಕಿಕೊಂಡಿದ್ದರೆ ಎಳೆಯಬೇಡಿ. ಒಳಗೆ ಅಂಟಿನಿಂದ ಕೂರಿಸಿದ ಬ್ಯಾಟರಿಯಾದರೆ ಕಂಪನಿಯ ಸರ್ವೀಸ್ ಸೆಂಟರ್‌ಗೇ ಬಿಡಿ. ಅಂಟು ಬಿಡಿಸಲು ಚೀಲವನ್ನು ಬಗ್ಗಿಸಬೇಕಾಗುತ್ತದೆ, ಬೆಂಕಿ ಹತ್ತುವ ಸಂಭವ ಆಗಲೇ ಜಾಸ್ತಿ.

ಸ್ಕ್ರೂಗಳಿಂದ ಮಾತ್ರ ಹಿಡಿದಿದ್ದು, ಊತ ಸ್ವಲ್ಪವೇ ಇದ್ದು, ಈ ಕೆಲಸ ಮೊದಲು ಮಾಡಿದ ಅಭ್ಯಾಸ ನಿಮಗಿದ್ದರೆ ಮಾಡಬಹುದು. ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ. ಮುಚ್ಚಳ ಒಳಗಿನ ಒತ್ತಡದಿಂದ ಬಿಗಿದಿರುತ್ತದೆ. ಹಾಗಾಗಿ ಒಂದೇ ಸ್ಕ್ರೂ ಪೂರ್ತಿ ಬಿಚ್ಚದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತ ಬನ್ನಿ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಪ್ಲಾಸ್ಟಿಕ್ ಪಟ್ಟಿಯಷ್ಟೇ ಬಳಸಿ. ತೆರೆದ ಮೇಲೆ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ವೈರ್ ಹಿಡಿದು ಎಳೆಯದೆ ಕನೆಕ್ಟರನ್ನೇ ಹಿಡಿಯಬೇಕು. ಆಮೇಲೆ ಬ್ಯಾಟರಿಯ ಸ್ಕ್ರೂ ಬಿಚ್ಚಿ, ಬಗ್ಗಿಸದೆ ಮೇಲೆತ್ತಿ. ಕನೆಕ್ಟರ್ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಲೋಹದ ಬಕೆಟ್ಟಿನಲ್ಲಿ ಒಣ ಮರಳು ಹಾಕಿ ಅದರ ಮೇಲೆ ಇಡಿ, ಬಕೆಟ್ ಮುಚ್ಚಬೇಡಿ. ಎಲ್ಲಾದರೂ ಅಡ್ಡಿ ಎನಿಸಿದರೆ ಅಲ್ಲಿಗೇ ನಿಲ್ಲಿಸಿ.

ಈ ನಡುವೆ ಸಿಹಿ ಸಿಹಿಯಾದ, ನೇಲ್ ಪಾಲಿಶ್ ರಿಮೂವರ್‌ನಂಥ ವಾಸನೆ ಬಂದರೆ ಚೀಲ ಸೋರುತ್ತಿದೆ ಎಂದು ತಿಳಿಯಿರಿ. ಬ್ಯಾಟರಿ ತಾನಾಗಿ ಬಿಸಿಯಾದರೆ, ಬುಸ್ ಎಂದು ಸದ್ದು ಮಾಡಿದರೆ ಅಥವಾ ಹೊಗೆ ಬಂದರೆ ಎತ್ತಿಕೊಂಡು ಓಡಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಎಳೆದುಕೊಂಡು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, ಲಿಥಿಯಂ ಬ್ಯಾಟರಿ ಎಂದು ಹೇಳಿ. ಜ್ವಾಲೆ ಆರಿದಂತೆ ಕಂಡರೂ ಹತ್ತಿರ ಹೋಗಬೇಡಿ. ಒಳಗೆ ಬಿಸಿ ಉಳಿದಿದ್ದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ತೆಗೆದ ಮೇಲೆ

ಹಳೆಯ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕಬಾರದು. ಕಸದ ಲಾರಿಯಲ್ಲಿ ಅದು ನಜ್ಜುಗುಜ್ಜಾದರೆ ಅಲ್ಲೇ ಬೆಂಕಿ. ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಮೊದಲೇ ಫೋನ್ ಮಾಡಿ ‘ಊದಿದ ಬ್ಯಾಟರಿ ತೆಗೆದುಕೊಳ್ಳುತ್ತೀರಾ’ ಎಂದು ಕೇಳಿ, ಕೈಯಾರೆ ಕೊಡಿ. ಕೊರಿಯರ್ ಮಾಡಬೇಡಿ. ವಿಮಾನದಲ್ಲಿ ಇಂಥ ಬ್ಯಾಟರಿ ಒಯ್ಯುವಂತೆಯೇ ಇಲ್ಲ, ಲ್ಯಾಪ್‌ಟಾಪ್ ಒಳಗಿದ್ದರೂ ಸರಿ.

ಬ್ಯಾಟರಿ ತೆಗೆದ ಬಹಳಷ್ಟು ಲ್ಯಾಪ್‌ಟಾಪ್‌ಗಳು ಬರೀ ಚಾರ್ಜರ್ ಮೇಲೆ ನಡೆಯುತ್ತವೆ. ಕೆಲವು ನಿಧಾನವಾಗುತ್ತವೆ, ಕೆಲವು ಆನ್ ಆಗುವುದೇ ಇಲ್ಲ. ನಡೆದರೆ ಬ್ಯಾಕಪ್ ಮಾಡಿಕೊಳ್ಳಲು ಇದೇ ಒಳ್ಳೆಯ ಸಮಯ. ಹೊಸದನ್ನು ತರುವಾಗ ಲ್ಯಾಪ್‌ಟಾಪ್ ಹೆಸರು ಹೇಳಿದರೆ ಸಾಲದು, ಹಳೆಯ ಬ್ಯಾಟರಿಯ ಲೇಬಲ್ ಮೇಲಿನ ಪಾರ್ಟ್ ನಂಬರ್ ಮತ್ತು ವೋಲ್ಟೇಜ್ ಎರಡೂ ಹೊಂದಬೇಕು. ಊದಿದ ಒಂದು ಸೆಲ್ ಮಾತ್ರ ಬದಲಿಸಿ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಹೊಸ ಸೆಲ್ಲೂ ಹಳೆಯವೂ ಒಂದೇ ವೇಗದಲ್ಲಿ ಚಾರ್ಜ್ ಆಗುವುದಿಲ್ಲ.

ಸದಾ ಚಾರ್ಜರ್ ಹಾಕಿಯೇ ಕೆಲಸ ಮಾಡುವವರು ಲ್ಯಾಪ್‌ಟಾಪ್ ಕಂಪನಿಯ ಆ್ಯಪ್‌ನಲ್ಲಿ ಅಥವಾ ಬಯಾಸ್‌ನಲ್ಲಿ ಚಾರ್ಜನ್ನು 80%ಕ್ಕೆ ನಿಲ್ಲಿಸುವ ಆಯ್ಕೆ ಇದೆಯೇ ನೋಡಿ, ಹೊಸ ಬ್ಯಾಟರಿ ಹಾಕಿದ ದಿನವೇ ಅದನ್ನು ಆನ್ ಮಾಡಿ.