ನೋಟಿಸ್ ಬಂದ ತೋಟದವರಿಗೆ ನಾನು ಕಳಿಸುವ ಮೆಸೇಜ್: ನನ್ನ ಅನುಭವ

ಬೆಳೆಗಾರರಿಗೆ ಆದಾಯ ತೆರಿಗೆ ಇಲಾಖೆಯಿಂದ ವಿವರ ಕೇಳುವ 142(1) ನೋಟಿಸ್ ಬಂದಾಗ ಉತ್ತರ ಬರೆಯುವುದು ಕಷ್ಟವಲ್ಲ, ಅವರಿಂದ ಕಾಗದ ತರಿಸುವುದು ಕಷ್ಟ. "ವಾಟ್ಸಾಪ್ ಮೆಸೇಜಿಗೆಲ್ಲ ಬೆಳೆಗಾರರು ಕಾಗದ ಕಳಿಸಲ್ಲ, ಆಫೀಸಿಗೇ ಕರೆಸು" ಅಂತ ವಿರಾಜಪೇಟೆಯ ಸ್ನೇಹಿತರು ಹೇಳುತ್ತಲೇ ಇದ್ದರು. ಈಗ ನನ್ನ ಹೆಚ್ಚಿನ ಕೇಸುಗಳಲ್ಲಿ ವಾರದೊಳಗೆ ಎಲ್ಲ ಬರುತ್ತದೆ.

ಮೊದಲು ನೋಟಿಸಿನ ಪಿಡಿಎಫ್ ಹಾಗೇ ಕಳಿಸಿ ನೋಡಿದೆ. "ನೋಡಿದೆ" ಅಂತ ಉತ್ತರ, ಅಷ್ಟೇ. ಆಮೇಲೆ ಉದ್ದದ ಪಟ್ಟಿ ಕಳಿಸಿದೆ. ಆಧಾರ್, ಪಾನ್ ಬಂದವು, ಬಿಲ್ಲು ಬರಲಿಲ್ಲ. ವಾಯ್ಸ್ ಮೆಸೇಜೂ ಮಾಡಿದೆ. ಕೇಳುತ್ತಾರೆ, ಆದರೆ ಕಪಾಟು ತೆರೆಯುವ ಹೊತ್ತಿಗೆ ಕಾಗದದ ಹೆಸರು ಮರೆತಿರುತ್ತಾರೆ. ಗಡುವು ತಪ್ಪಿದರೆ 10,000 ರೂಪಾಯಿ ದಂಡ ಬೀಳಬಹುದು. ಆಮೇಲೆ ನಮ್ಮ ಫೀಸು ಕೇಳುವುದೂ ಕಷ್ಟ, ಅಲ್ವಾ?

ನಾಪೋಕ್ಲು ಕಡೆಯ ಒಬ್ಬರಿಗೆ ಹೀಗೆ ಬರೆದೆ:

"ನಮಸ್ಕಾರ ಅಣ್ಣ. ಇದು ದಂಡದ ನೋಟಿಸ್ ಅಲ್ಲ, ಪ್ರಶ್ನೆ ಕೇಳಿರುವ ನೋಟಿಸ್. 2023-24ರಲ್ಲಿ ನಿಮ್ಮ ಖಾತೆಗೆ ಸುಮಾರು 9 ಲಕ್ಷ ನಗದು ಜಮೆ ಆಗಿದೆ. ಅದು ಎಲ್ಲಿಂದ ಬಂತು ಅಂತ ಕೇಳಿದ್ದಾರೆ. ಇವತ್ತು ಒಂದೇ ಕಾಗದ ಬೇಕು: ಕಾಫಿ ಮಾರಿದ ಬಿಲ್ಲುಗಳು. ತಾರೀಕು, ಚೀಲ, ದರ, ನಿಮ್ಮ ಹೆಸರು ಕಾಣುವ ಹಾಗೆ ಫೋಟೋ ತೆಗೆದು ಗುರುವಾರದೊಳಗೆ ಕಳಿಸಿ."

ಒಂದು ದಿನಕ್ಕೆ ಒಂದೇ ಕಾಗದ, ಇದೇ ನನ್ನ ಪದ್ಧತಿ.

ಬಿಲ್ಲು ಬಂದಾಗ ನೋಡಿದರೆ 50 ಕೆಜಿಯ ಸುಮಾರು 120 ಚೀಲ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ. ಚೀಲಕ್ಕೆ ಸರಾಸರಿ 7,000 ದರ, ಒಟ್ಟು 8.4 ಲಕ್ಷ. ಉಳಿದ 60 ಸಾವಿರ ಕರಿಮೆಣಸಿನದು. ಬಿಲ್ಲಿನಲ್ಲಿ 'ಚೆರಿ' ಅಂತ ಇದೆಯಾ ನೋಡಲೇಬೇಕು. ಚೆರಿಯನ್ನೇ ಮಾರಿದರೆ ಪೂರ್ತಿ ಕೃಷಿ ಆದಾಯ. ತಾವೇ ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಮಾಡಿಸಿ ಮಾರಿದ್ದರೆ ಆದಾಯ ತೆರಿಗೆ ನಿಯಮ 7ಬಿ ಪ್ರಕಾರ ಆ ಆದಾಯದ 25% ವ್ಯಾಪಾರದ ಆದಾಯ ಆಗುತ್ತದೆ. ಬಿಲ್ಲಿನ ತಾರೀಕು ಜಮೆಯ ತಾರೀಕಿಗಿಂತ ಮುಂಚೆ ಇರಬೇಕು. ಇಲ್ಲದಿದ್ದರೆ ಅಧಿಕಾರಿ ಮೊದಲು ಅದನ್ನೇ ಹಿಡಿಯುತ್ತಾರೆ.

ತಲೆನೋವು ಬಂದದ್ದು ಪಹಣಿಯಲ್ಲಿ. ಜಮ್ಮಾ ಜಾಗ, ಅಂದರೆ ಇಡೀ ಕುಟುಂಬದ ಹಿಡುವಳಿ. ಹೆಸರು ದೊಡ್ಡಪ್ಪನದು, ಕುಟುಂಬದ ಪರವಾಗಿ ಅವರೇ ಪಟ್ಟೇದಾರರು. ಕೊಡಗಿನ ಹೊರಗೆ ಕೂತ ಅಧಿಕಾರಿಗೆ ಇದು ಬೇರೆಯವರ ತೋಟದ ಹಾಗೆ ಕಾಣುತ್ತದೆ. ಅದಕ್ಕೆ ಪಹಣಿಯ ಜೊತೆ ವಂಶವೃಕ್ಷ, ಕುಟುಂಬದ ಪಾಲು ಪತ್ರ, ಇವರ ಪಾಲಿನ ತೋಟ ಇವರೇ ನೋಡಿಕೊಳ್ಳುತ್ತಾರೆ ಅನ್ನುವ ಅಫಿಡವಿಟ್ ಹಾಕಿದೆ. ದೊಡ್ಡಪ್ಪನ ಸಹಿಗೆ ಮೆಸೇಜ್ ನಡೆಯಲ್ಲ. ಮಗನ ಹತ್ತಿರ ಫೋನ್ ಮಾಡಿಸಿದೆ, ಮರುದಿನವೇ ಸಹಿ ಬಂತು.

ಎಲ್ಲವನ್ನೂ ಒಂದೇ ಫೈಲ್ ಮಾಡಿ, ಯಾವ ಪ್ರಶ್ನೆಗೆ ಯಾವ ಪುಟ ಅಂತ ಮೇಲೆ ಬರೆದು ಪೋರ್ಟಲ್‌ನಲ್ಲಿ ಹಾಕಿದೆ. ಆದಾಯಕ್ಕೆ ಒಂದು ರೂಪಾಯಿಯೂ ಸೇರಿಸದೆ ಆದೇಶ ಬಂತು. ಈಗ ಅದೇ ಸ್ನೇಹಿತರು ಆ ಮೆಸೇಜನ್ನು ಫಾರ್ವರ್ಡ್ ಮಾಡು ಅನ್ನುತ್ತಿದ್ದಾರೆ.